ಮೂವತ್ತು ಸಾಕಾ? ದಾಳ, ಬಂಗಡೆ ಮತ್ತು ಗಂಟೆ ಆಕಾರದ ಸರಾಸರಿ

ಕಾರವಾರದಲ್ಲಿ ಬಿ.ಎಸ್ಸಿ. ಮಕ್ಕಳಿಗೆ ಸಂಖ್ಯಾಶಾಸ್ತ್ರದ ಪಾಠ ಮಾಡುವಾಗ ನಾನು ಪ್ರತಿ ವರ್ಷ ಕೇಳುವ ಪ್ರಶ್ನೆ ಒಂದಿದೆ. "ಒಂದು ದಾಳವನ್ನು ಹತ್ತು ಸಾವಿರ ಸಲ ಎಸೆದು, ಬಂದ ಅಂಕಿಗಳ ಚಿತ್ರ ಬಿಡಿಸಿದರೆ ಹೇಗೆ ಕಾಣುತ್ತದೆ?" ತರಗತಿಯಲ್ಲಿ ಸುಮಾರು ಜನ ಗಾಳಿಯಲ್ಲೇ ಕೈಯಾಡಿಸಿ ಗಂಟೆ ಬಿಡಿಸಿ ತೋರಿಸುತ್ತಾರೆ. ಡೇಟಾ ಜಾಸ್ತಿ ಆದರೆ ಗಂಟೆ ಆಕಾರ ಬರುತ್ತದೆ ಅಂತ ಎಲ್ಲೋ ಓದಿರುತ್ತಾರೆ.

ಬರುವುದಿಲ್ಲ. ದಾಳದಲ್ಲಿ 1ರಿಂದ 6ರವರೆಗೆ ಎಲ್ಲಕ್ಕೂ ಸಮಾನ ಅವಕಾಶ. ಹತ್ತು ಸಾವಿರ ಸಲ ಎಸೆದರೆ ಆರು ಕಂಬಗಳು ಹೆಚ್ಚುಕಮ್ಮಿ ಒಂದೇ ಎತ್ತರಕ್ಕೆ ನಿಲ್ಲುತ್ತವೆ. ಹತ್ತು ಲಕ್ಷ ಸಲ ಎಸೆದರೆ ಇನ್ನೂ ಸಮ ಆಗುತ್ತವೆ. ಎಷ್ಟೇ ಎಸೆದರೂ ದಾಳ ದಾಳವೇ. ಗಂಟೆ ಆಕಾರ ಬರುವುದು ಬಿಡಿ ಅಂಕಿಗಳಿಗಲ್ಲ, ಅವುಗಳ ಸರಾಸರಿಗೆ. ಕೇಂದ್ರ ಮಿತಿ ಪ್ರಮೇಯ, ಅಂದರೆ ಹುಡುಗರ ಬಾಯಲ್ಲಿ ಸೆಂಟ್ರಲ್ ಲಿಮಿಟ್ ಥಿಯರಮ್, ಹೇಳುವುದು ಈ ಸರಾಸರಿಯ ವಿಷಯವನ್ನು. ಇಷ್ಟು ಗೊಂದಲ ಬಗೆಹರಿದರೆ ಅರ್ಧ ಪಾಠ ಮುಗಿದಂತೆ.

ಹಾಗಾದರೆ ಸರಾಸರಿಗೆ ಆ ಆಕಾರ ಎಲ್ಲಿಂದ ಬಂತು? ಎರಡು ದಾಳ ತೆಗೆದುಕೊಳ್ಳೋಣ. ಸರಾಸರಿ ಬೇಕಾದರೆ ಮೊತ್ತವನ್ನು ಎರಡರಿಂದ ಭಾಗಿಸಬೇಕು, ಅಷ್ಟೇ. ಭಾಗಿಸಿದರೆ ಚಿತ್ರದ ಆಕಾರ ಬದಲಾಗುವುದಿಲ್ಲ, ಅಳತೆಪಟ್ಟಿ ಮಾತ್ರ ಬದಲಾಗುತ್ತದೆ. ಆದ್ದರಿಂದ ಮೊತ್ತವನ್ನೇ ನೋಡಿದರೆ ಸಾಕು. ಎರಡು ದಾಳಗಳು ಬೀಳಬಹುದಾದ ರೀತಿಗಳು 36. ಮೊತ್ತ 2 ಬರಲು ಒಂದೇ ದಾರಿ, ಎರಡೂ 1 ಬೀಳಬೇಕು. ಮೊತ್ತ 7 ಬರಲು ಆರು ದಾರಿ: 1 ಮತ್ತು 6, 2 ಮತ್ತು 5, ಹೀಗೆ. 2ರಿಂದ 12ರವರೆಗೆ ದಾರಿಗಳನ್ನು ಸಾಲಾಗಿ ಬರೆದರೆ 1, 2, 3, 4, 5, 6, 5, 4, 3, 2, 1. ಸಮತಟ್ಟಾಗಿದ್ದದ್ದು ಒಂದೇ ಹೆಜ್ಜೆಗೆ ಮನೆಯ ಮಾಡಿನಂತೆ ನಡುವೆ ಎದ್ದು ನಿಂತಿತು. ದಾಳಕ್ಕೆ ನಡುವಿನ ಮೇಲೆ ಪ್ರೀತಿ ಏನೂ ಇಲ್ಲ. ನಡುವಿಗೆ ಹೋಗುವ ದಾರಿಗಳು ಜಾಸ್ತಿ, ತುದಿಗೆ ಹೋಗುವ ದಾರಿಗಳು ಕಡಿಮೆ, ಅಷ್ಟೇ ಕಾರಣ.

ಮೂರನೇ ದಾಳ ಸೇರಿಸುವಾಗ ಬೋರ್ಡಿನ ಮೇಲೆ ಒಂದು ಕೆಲಸ ಮಾಡಿಸುತ್ತೇನೆ. ಮೂರು ದಾಳದ ಮೊತ್ತ 10 ಬರಬೇಕು ಅಂದರೆ, ಮೂರನೆಯದು 1 ಬಿದ್ದರೆ ಮೊದಲೆರಡು 9 ಆಗಿರಬೇಕು. ಅದು 2 ಬಿದ್ದರೆ ಮೊದಲೆರಡು 8. ಹೀಗೆ 6 ಬಿದ್ದರೆ ಮೊದಲೆರಡು 4. ಅಂದರೆ ಎರಡು ದಾಳದ ಪಟ್ಟಿಯಲ್ಲಿ 4ರಿಂದ 9ರವರೆಗಿನ ಆರು ಸಂಖ್ಯೆಗಳನ್ನು ಕೂಡಿದರೆ ಆಯಿತು: 3 + 4 + 5 + 6 + 5 + 4 = 27. ಮೊತ್ತ 11ಕ್ಕೆ ಆರು ಮನೆಗಳ ಚೌಕಟ್ಟನ್ನು ಒಂದು ಮನೆ ಬಲಕ್ಕೆ ಸರಿಸಿ ಮತ್ತೆ ಕೂಡಿ, ಅದೂ 27. ಹೀಗೆ ಸರಿಸುತ್ತಾ ಹೋದರೆ 3ರಿಂದ 18ರವರೆಗೆ 1, 3, 6, 10, 15, 21, 25, 27, 27, 25, 21, 15, 10, 6, 3, 1 ಅಂತ ಸಾಲು ಬರುತ್ತದೆ. ಕೂಡಿದರೆ 216, ಅಂದರೆ 6 × 6 × 6. ಸರಿ ಇದೆ ಅಲ್ವಾ?

ಈ ಸಾಲನ್ನು ಚಿತ್ರ ಮಾಡಿ ನೋಡಿ. ಎರಡು ದಾಳದ ಚಿತ್ರದಲ್ಲಿದ್ದ ಚೂಪು ಮೂಲೆ ಹೋಗಿದೆ, ತುದಿಗಳು ಒಳಕ್ಕೆ ಬಾಗಿವೆ. ಮೂರೇ ದಾಳ, ಆಗಲೇ ಗಂಟೆ! ನಡೆದದ್ದು ಇಷ್ಟು: ಪ್ರತಿ ಹೊಸ ದಾಳ ಹಳೆಯ ಚಿತ್ರದ ಮೇಲೆ ಆರು ಮನೆಯ ಚೌಕಟ್ಟು ಹಿಡಿದು, ಅಕ್ಕಪಕ್ಕದ ಕಂಬಗಳನ್ನು ಒಂದಕ್ಕೊಂದು ಬೆರೆಸುತ್ತದೆ. ಬೆರೆಸಿದಾಗ ಏರುಪೇರು ತಗ್ಗುತ್ತದೆ, ಮೂಲೆಗಳು ಸವೆಯುತ್ತವೆ. ದಾಳ ಸೇರಿಸುತ್ತಾ ಹೋದಷ್ಟೂ ಮೂಲ ಚಿತ್ರದ ಗುರುತು ಅಳಿಸುತ್ತದೆ.

ಸವೆದು ಸವೆದು ಅದೇ ಗಂಟೆ ಯಾಕೆ ಬರಬೇಕು, ಬೇರೆ ಯಾವುದೋ ಗುಡ್ಡದ ಆಕಾರ ಯಾಕಾಗಬಾರದು? ಅಂಕೋಲೆ ಕಡೆಯ ಹುಡುಗಿಯೊಬ್ಬಳು ಇದನ್ನು ಕೇಳಿದ್ದಳು, ಒಳ್ಳೆಯ ಪ್ರಶ್ನೆ. ಪೂರ್ತಿ ಸಾಧನೆಗೆ ಗಣಿತ ಜಾಸ್ತಿ ಬೇಕು, ಆದರೆ ಒಳಗಿನ ವಿಷಯ ಹೇಳಬಹುದು. ಯಾವುದೇ ಚಿತ್ರಕ್ಕೆ ನಡುಬಿಂದು ಎಲ್ಲಿ, ಅಗಲ ಎಷ್ಟು, ಯಾವ ಬದಿಗೆ ಓರೆ, ಬಾಲ ಎಷ್ಟು ಉದ್ದ ಅಂತ ಅಳತೆಗಳಿರುತ್ತವೆ. n ಅಂಕಿಗಳನ್ನು ಕೂಡಿ, ಅಗಲವನ್ನು ಒಂದೇ ಅಳತೆಗೆ ತಂದು ನೋಡಿದರೆ, ಓರೆ √n ಪಟ್ಟು ಕಡಿಮೆ ಆಗುತ್ತದೆ. ಬಾಲದ ಅಳತೆ n ಪಟ್ಟು ಕಡಿಮೆ ಆಗುತ್ತದೆ. ಅದರಾಚೆಯ ಸೂಕ್ಷ್ಮಗಳು ಇನ್ನೂ ಬೇಗ ಸಾಯುತ್ತವೆ. ಕೊನೆಗೆ ಉಳಿಯುವುದು ನಡುಬಿಂದು ಮತ್ತು ಅಗಲ, ಎರಡೇ. ಇನ್ನೊಂದು ಕಡೆಯಿಂದ ನೋಡಿ: ಒಂದು ಗಂಟೆಗೆ ಇನ್ನೊಂದು ಗಂಟೆಯನ್ನು ಹೀಗೆ ಕೂಡಿಸಿದರೆ ಬರುವುದು ಗಂಟೆಯೇ, ಸ್ವಲ್ಪ ಅಗಲವಾದದ್ದು. ಕೂಡಿಸುವ ಕೆಲಸಕ್ಕೆ ಅದು ಬಗ್ಗುವುದಿಲ್ಲ. ಉಳಿದ ಬಹುಪಾಲು ಆಕಾರಗಳು ಕೂಡಿಸಿದಾಗಲೆಲ್ಲ ಬದಲಾಗುತ್ತಾ ಅದರ ಕಡೆಗೇ ಸರಿಯುತ್ತವೆ. 1733ರಲ್ಲಿ ಗಣಿತಜ್ಞ ದ ಮುಆವ್ರ್ ನಾಣ್ಯದ ಲೆಕ್ಕದಲ್ಲಿ ಈ ಗೆರೆಯನ್ನು ಕಂಡ. 1810ರ ಹೊತ್ತಿಗೆ ಲಾಪ್ಲಾಸ್ ಅದನ್ನು ಬೇರೆ ಬಗೆಯ ಮೊತ್ತಗಳಿಗೂ ವಿಸ್ತರಿಸಿದ.

ಅಗಲದ ಲೆಕ್ಕ ಸುಲಭ. ಒಂದು ದಾಳದ ಸರಾಸರಿ 3.5, ಅಗಲವನ್ನು ಅಳೆಯುವ ಮಾನಕ ವಿಚಲನೆ ಸುಮಾರು 1.71. n ದಾಳಗಳ ಸರಾಸರಿಯ ಮಾನಕ ವಿಚಲನೆ 1.71 ÷ √n. ಹತ್ತು ದಾಳಕ್ಕೆ 0.54. ಅಗಲ ಅರ್ಧ ಆಗಬೇಕಾದರೆ ದಾಳ ಎರಡು ಪಟ್ಟು ಸಾಲದು, ನಾಲ್ಕು ಪಟ್ಟು ಬೇಕು.

ಇನ್ನು ಕಂಪ್ಯೂಟರ್ ಲ್ಯಾಬಿಗೆ ಹೋಗೋಣ. ಹತ್ತು ದಾಳ ಎಸೆದು ಒಂದು ಸರಾಸರಿ. ಇಂಥ ಸರಾಸರಿ ಹತ್ತು ಸಾವಿರ. ಗ್ರಾಫಿನ ಲೈಬ್ರರಿ ಏನೂ ಬೇಡ, ಕಂಬದ ಬದಲು # ಗುರುತುಗಳ ಸಾಲು ಸಾಕು.

```python
import random
from collections import Counter

n = 10
means = []
for i in range(10000):
    t = [random.randint(1, 6) for j in range(n)]
    means.append(sum(t) / n)

c = Counter(round(m, 1) for m in means)
for v in sorted(c):
    print(v, '#' * (c[v] // 20))
```

ಪರದೆಯ ಮೇಲೆ ಗಂಟೆ ಅಡ್ಡಲಾಗಿ ಮಲಗಿರುತ್ತದೆ. 3.5ರ ಆಸುಪಾಸಿನ ಸಾಲುಗಳು ಎಲ್ಲಕ್ಕಿಂತ ಉದ್ದ. ನೂರರಲ್ಲಿ ಸುಮಾರು 95 ಸರಾಸರಿಗಳು 2.44 ಮತ್ತು 4.56ರ ನಡುವೆ ಇರುತ್ತವೆ. ಇಲ್ಲಿ ಎರಡು ಸಂಖ್ಯೆಗಳು ಬೆರೆತು ಹೋಗುತ್ತವೆ, ಎಚ್ಚರ. `n` ಅಂದರೆ ಒಂದು ಸರಾಸರಿಗೆ ಎಷ್ಟು ದಾಳ. `10000` ಅಂದರೆ ಎಷ್ಟು ಸರಾಸರಿ ತೆಗೆದೆವು. ಗಂಟೆಯನ್ನು ಮಾಡುವುದು ಮೊದಲನೆಯದು. ಎರಡನೆಯದನ್ನು ಹೆಚ್ಚಿಸಿದರೆ ಚಿತ್ರದ ನಡುಕ ಕಡಿಮೆ ಆಗಿ ಇರುವ ಆಕಾರ ಸ್ಪಷ್ಟ ಕಾಣುತ್ತದೆ, ಅಷ್ಟೇ. ನಂಬಿಕೆ ಬರದಿದ್ದರೆ `n = 1` ಹಾಕಿ ಓಡಿಸಿ. ಸಮತಟ್ಟು ಕಂಬಗಳೇ ಬರುತ್ತವೆ.

ಲೂಡೋ ದಾಳ ಬಹಳ ಸಭ್ಯ ದಾಳ. ಅದಕ್ಕೆ ಓರೆ ಇಲ್ಲ, ಉದ್ದ ಬಾಲ ಇಲ್ಲ. ಅದನ್ನೇ ತೋರಿಸಿ ಪಾಠ ಮುಗಿಸಿದರೆ ಹುಡುಗರಿಗೆ ಎಲ್ಲ ಕಡೆಯೂ ಗಂಟೆ ಬೇಗ ಬರುತ್ತದೆ ಅನ್ನುವ ಧೈರ್ಯ ಬಂದುಬಿಡುತ್ತದೆ. ಅದಕ್ಕೇ ನಾನು ಇನ್ನೊಂದು ದಾಳ ಮಾಡಿಸುತ್ತೇನೆ. ಸಾದಾ ದಾಳದ ಐದು ಮುಖಕ್ಕೆ ಚೀಟಿ ಅಂಟಿಸಿ 1 ಅಂತ ಬರೆಯಿರಿ, ಆರನೆಯದಕ್ಕೆ 31 ಅಂತ. ಇದು ಬಂಗಡೆ ದಾಳ. ಬೋಟು ಹೋದ ದಿನಗಳಲ್ಲಿ ಬಹುಪಾಲು ಒಂದು ಬುಟ್ಟಿ ಮೀನು. ಯಾವಾಗಲೋ ಒಮ್ಮೆ ಬಂಗಡೆ ಹಿಂಡು ಸಿಕ್ಕರೆ ಮೂವತ್ತೊಂದು ಬುಟ್ಟಿ. ಸಂಖ್ಯೆ ನಾನು ಲೆಕ್ಕಕ್ಕೆ ಮಾಡಿಕೊಂಡದ್ದು. ಆದರೆ ಮನೆಯಲ್ಲಿ ಬೋಟು ಇರುವ ಹುಡುಗರು ಸುಮ್ನೆ ನಗುತ್ತಾರೆ, ಸ್ವಭಾವ ಹಾಗೇ ಇರುತ್ತದೆ ಅಂತ.

ಈ ದಾಳದ ಸರಾಸರಿ 36 ÷ 6 = 6 ಬುಟ್ಟಿ. ಮಾನಕ ವಿಚಲನೆ 11.18. ಸರಾಸರಿಗಿಂತ ಅದರ ಸುತ್ತಲಿನ ಹರಡುವಿಕೆಯೇ ದೊಡ್ಡದು. ಆರು ಬುಟ್ಟಿ ಬರುವ ದಿನ ಅಂತ ಒಂದೂ ಇಲ್ಲ ಅನ್ನುವುದನ್ನೂ ಗಮನಿಸಿ.

ಐದು ದಿನದ ಸರಾಸರಿ ತೆಗೆಯೋಣ. ಐದೂ ದಿನ ಹಿಂಡು ಸಿಗದಿರುವ ಸಂಭವ 5/6ನ್ನು ಐದು ಸಲ ಗುಣಿಸಿದಷ್ಟು, ಅಂದರೆ 0.40. ಹೀಗಾಗಿ ನೂರರಲ್ಲಿ 40 ಸರಾಸರಿಗಳು ಸರಿಯಾಗಿ 1 ಆಗಿರುತ್ತವೆ. ಒಂದು ದಿನ ಹಿಂಡು ಸಿಕ್ಕರೆ ಸರಾಸರಿ 7, ಅದಕ್ಕೂ ಸಂಭವ 0.40. ಉಳಿದದ್ದು 13, 19, ಹೀಗೆ ಬಲಗಡೆಗೆ ಚದುರಿರುತ್ತದೆ. ಕೋಡಿನಲ್ಲಿ `random.randint(1, 6)` ಇದ್ದ ಜಾಗಕ್ಕೆ `random.choice([1,1,1,1,1,31])` ಹಾಕಿ, `n = 5` ಮಾಡಿ ಓಡಿಸಿದರೆ ಎಡಗಡೆ ಎರಡು ಭಾರೀ ಸಾಲು, ಬಲಗಡೆ ಸಣ್ಣ ಬಾಲ ಕಾಣುತ್ತದೆ. ಗಂಟೆಯ ಸುಳಿವೇ ಇಲ್ಲ.

ಈಗ ಪುಸ್ತಕಗಳ ಪ್ರಸಿದ್ಧ ಸಂಖ್ಯೆಗೆ ಬನ್ನಿ. n ಮೂವತ್ತು ದಾಟಿದರೆ ಸಾಕು, ಗಂಟೆ ಅಂತ ಹಿಡಿಯಬಹುದು ಅನ್ನುತ್ತಾರೆ. ಬಂಗಡೆ ದಾಳವನ್ನು ಮೂವತ್ತು ಸಲ ಎಸೆದರೆ ಸರಾಸರಿ ಅಂದರೆ 1 + ಎಷ್ಟು ಸಲ ಹಿಂಡು ಸಿಕ್ಕಿತೋ ಅಷ್ಟು. 31 ಅನ್ನುವ ವಿಚಿತ್ರ ಸಂಖ್ಯೆ ಆರಿಸಿದ್ದು ಇದಕ್ಕೇ, ಲೆಕ್ಕ ಬಾಯಲ್ಲೇ ಆಗುತ್ತದೆ. ಸರಾಸರಿಗಳ ನಡು 6, ಮಾನಕ ವಿಚಲನೆ 11.18 ÷ √30, ಅಂದರೆ 2.04. ಚಿತ್ರ ನೋಡಿದರೆ ಗಂಟೆಯಂತೆಯೇ ಇದೆ. ಹುಡುಗರು "ಸರ್, ಬಂತು" ಅನ್ನುತ್ತಾರೆ.

ಕಣ್ಣಿಗೆ ಬಂದಿದೆ ನಿಜ. ಆದರೆ ಎರಡು ತುದಿಗಳನ್ನು ಬೇರೆಬೇರೆಯಾಗಿ ಎಣಿಸಿ. ನಡುವಿನಿಂದ ಐದು ಬುಟ್ಟಿ ಕೆಳಗೆ ಅಂದರೆ ಸರಾಸರಿ 1, ಮೂವತ್ತೂ ದಿನ ಹಿಂಡು ಸಿಕ್ಕಿಲ್ಲ. ಐದು ಬುಟ್ಟಿ ಮೇಲೆ ಅಂದರೆ 11 ಅಥವಾ ಜಾಸ್ತಿ, ಹತ್ತು ದಿನವಾದರೂ ಹಿಂಡು ಸಿಕ್ಕಿದೆ. ಗಂಟೆ ಎರಡೂ ಬದಿಗೆ ಒಂದೇ ಥರ ಇರುವುದರಿಂದ ಎರಡಕ್ಕೂ ಸಾವಿರಕ್ಕೆ ಸುಮಾರು 14 ಅನ್ನುತ್ತದೆ. ನಿಜವಾದ ಲೆಕ್ಕ ಬೇರೆ. ಕೆಳಗಿನದು ಸಾವಿರಕ್ಕೆ ಬರೀ 4. ಮೇಲಿನದು ಸಾವಿರಕ್ಕೆ ಸುಮಾರು 20. ಒಂದು ಕಡೆ ಗಂಟೆ ಮೂರು ಪಟ್ಟಿಗಿಂತ ಹೆಚ್ಚು ಹೆದರಿಸಿತು, ಇನ್ನೊಂದು ಕಡೆ ಅಪಾಯವನ್ನು ಕಡಿಮೆ ಮಾಡಿ ಹೇಳಿತು. ಮೂಲ ದಾಳದ ಓರೆ 1.79 ಇತ್ತು. ಮೂವತ್ತಕ್ಕೆ ಅದು 0.33ಕ್ಕೆ ಇಳಿದಿದೆ, ನೂರಕ್ಕೆ 0.18 ಆಗುತ್ತದೆ. ಸತ್ತಿಲ್ಲ, ಸಾಯುತ್ತಿದೆ. ಮೂವತ್ತು ಎಂಬುದರಲ್ಲಿ ಮಂತ್ರ ಏನೂ ಇಲ್ಲ ಎಂದು ನನ್ನ ಅಭಿಪ್ರಾಯ. ಲೂಡೋ ದಾಳಕ್ಕೆ ಹತ್ತೇ ಧಾರಾಳ, ಬಂಗಡೆ ದಾಳಕ್ಕೆ ನೂರಾದರೂ ತುದಿಗಳನ್ನು ಎಣಿಸಿ ನೋಡಬೇಕು. ಗುಡ್ಡದ ಆಕಾರ ನೋಡಿ ಒಪ್ಪಬೇಡಿ. ನಡುವಿನಿಂದ ಸಮದೂರದಲ್ಲಿ ಎರಡೂ ಬದಿಗೆ ಎಷ್ಟೆಷ್ಟು ಬಿದ್ದಿದೆ ಎಂದು ಎಣಿಸಿದರೆ ಗುಟ್ಟು ಹೊರಬೀಳುತ್ತದೆ.

ಸಭ್ಯ ದಾಳದಲ್ಲೂ ತೀರಾ ತುದಿಯಲ್ಲಿ ಗಂಟೆಯನ್ನು ನಂಬುವ ಹಾಗಿಲ್ಲ. ಹತ್ತು ದಾಳವೂ 1 ಬೀಳುವ ಸಂಭವ ಗಂಟೆಯ ಪ್ರಕಾರ ಸುಮಾರು ಮೂರೂವರೆ ಲಕ್ಷಕ್ಕೆ ಒಂದು. ನಿಜದಲ್ಲಿ ಆರು ಕೋಟಿಗೆ ಒಂದು. ನಡುವಿನಲ್ಲಿ ಅಷ್ಟು ಚೆನ್ನಾಗಿ ಕೂತ ಗೆರೆ ತುದಿಯಲ್ಲಿ ನೂರಕ್ಕೂ ಹೆಚ್ಚು ಪಟ್ಟು ತಪ್ಪಿತು. ಪ್ರಮೇಯದ ತಪ್ಪಲ್ಲ ಇದು. ಅದು ಮಾತು ಕೊಟ್ಟದ್ದು n ಬೆಳೆಯುತ್ತಾ ಹೋದಾಗ ಏನಾಗುತ್ತದೆ ಎಂಬುದಕ್ಕೆ, ಹತ್ತೇ ದಾಳದ ತುದಿಗಲ್ಲ.

ಇಷ್ಟು ಹೊತ್ತು ಒಂದು ಮಾತನ್ನು ಸದ್ದಿಲ್ಲದೆ ಒಪ್ಪಿಕೊಂಡಿದ್ದೆವು. ಒಂದು ದಾಳ ಏನು ಬಿತ್ತು ಎಂಬುದು ಇನ್ನೊಂದಕ್ಕೆ ಗೊತ್ತಾಗಬಾರದು. ದಾಳದಲ್ಲಿ ಅದು ಸರಿ. ಬೈತಖೋಲ್ ಬಂದರಿನಲ್ಲಿ? ಒಂದೇ ದಿನ ಹೋದ ಮೂವತ್ತು ಬೋಟುಗಳ ಮೀನು ಅಳೆದು ಸರಾಸರಿ ತೆಗೆದರೆ ಅದು ಮೂವತ್ತು ಎಸೆತ ಅಲ್ಲ. ಹಿಂಡು ಎಲ್ಲಿದೆ ಅಂತ ಒಂದು ಬೋಟಿಗೆ ಸಿಕ್ಕರೆ ಉಳಿದವೂ ಅಲ್ಲಿಗೇ ತಿರುಗುತ್ತವೆ. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ: ಮೂವತ್ತು ಬೋಟು ಐದು ಗುಂಪಾಗಿ ಹೋಗುತ್ತವೆ, ಒಂದು ಗುಂಪಿನ ಆರಕ್ಕೂ ಒಂದೇ ಅದೃಷ್ಟ. ಆಗ ನಿಮ್ಮ ಕೈಯಲ್ಲಿ ನಿಜವಾಗಿ ಇರುವುದು ಐದು ದಾಳ. ಮಾನಕ ವಿಚಲನೆ 2.04 ಅಲ್ಲ, 11.18 ÷ √5, ಅಂದರೆ 5. ಆಕಾರವೂ ಮೇಲೆ ನೋಡಿದ ಎರಡು ಭಾರೀ ಸಾಲಿನ ಆಕಾರವೇ. ಹಾಳೆಯಲ್ಲಿ ಮೂವತ್ತು ಅಂಕಿ ಇದ್ದರೂ ಗಂಟೆ ಬಂದಿಲ್ಲ, ಅಗಲವೂ ಎರಡೂವರೆ ಪಟ್ಟು ತಪ್ಪಾಯಿತು. ಒಂದೇ ಬೋಟನ್ನು ಸಾಲಾಗಿ ಮೂವತ್ತು ದಿನ ಹಿಂಬಾಲಿಸಿದರೂ ಇದೇ ತೊಂದರೆ, ಇವತ್ತು ಹಿಂಡು ಸಿಕ್ಕ ಕಡೆ ನಾಳೆಯೂ ಹೋಗುತ್ತಾರೆ. ಬೇರೆಬೇರೆ ಬೋಟು, ಬೇರೆಬೇರೆ ವಾರ, ಹೀಗೆ ಚೀಟಿ ಎತ್ತಿ ಆರಿಸಬೇಕು. ಆರಿಸುವಾಗ ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ದಿನಗಳನ್ನು ಸೊನ್ನೆ ಅಂತ ಸೇರಿಸುವವರೂ ಇದ್ದಾರೆ. ಅದು ಬೇರೆಯೇ ದಾಳ, ಬೆರೆಸಬಾರದು.

ಕೊನೆಗೆ, n ಎಷ್ಟು ಬೆಳೆಸಿದರೂ ಗಂಟೆ ಬಾರದ ದಾಳ ಇದೆಯಾ? ಇದೆ. ಕಾರವಾರದ ಎದುರಿಗೆ ದೇವಗಡ ದ್ವೀಪದ ಮೇಲೆ ಒಂದು ದೀಪಸ್ತಂಭ ಇದೆ, ಆಯ್ಸ್ಟರ್ ರಾಕ್ ಲೈಟ್‌ಹೌಸ್. ನಿಜವಾದ ದೀಪ ಕ್ರಮವಾಗಿ ಬೆಳಗುತ್ತದೆ. ನಮ್ಮ ಲೆಕ್ಕದ ದೀಪಕ್ಕೆ ಕ್ರಮ ಇಲ್ಲ, ದಡದ ಕಡೆಗೆ ಯಾವುದೋ ಒಂದು ಕೋನದಲ್ಲಿ ಮಿಂಚುತ್ತದೆ, ಎಲ್ಲ ಕೋನಕ್ಕೂ ಸಮಾನ ಅವಕಾಶ. ದಡ ನೇರವಾಗಿ ಎರಡೂ ಕಡೆಗೆ ಕೊನೆಯಿಲ್ಲದೆ ಚಾಚಿದೆ ಅಂದುಕೊಳ್ಳಿ, ನಮ್ಮ ಕೊಲ್ಲಿಯ ಬಾಗನ್ನು ಮರೆತುಬಿಡಿ. ದೀಪದಿಂದ ದಡಕ್ಕಿರುವ ದೂರ 1. ಬೆಳಕು ದಡದಲ್ಲಿ ಎಲ್ಲಿ ಬಿತ್ತು, ದೀಪದ ನೇರ ಎದುರಿನ ಜಾಗದಿಂದ ಎಷ್ಟು ದೂರ ಎಂದು ಬರೆದುಕೊಳ್ಳಬೇಕು, ಎಡಕ್ಕೆ ಬಿದ್ದರೆ ಋಣ ಚಿಹ್ನೆ ಹಾಕಿ.

```python
import math, random
x = math.tan(math.pi * (random.random() - 0.5))
```

ಅರ್ಧದಷ್ಟು ಮಿಂಚುಗಳು ಎದುರಿನ ಜಾಗದಿಂದ 1ರ ಒಳಗೇ ಬೀಳುತ್ತವೆ. ಆದರೆ ದಡಕ್ಕೆ ಹೆಚ್ಚುಕಮ್ಮಿ ಸಮಾನಾಂತರವಾಗಿ ಹೊರಟ ಬೆಳಕು ಎಲ್ಲೋ ದೂರ ಹೋಗಿ ತಾಗುತ್ತದೆ. ನೂರರಲ್ಲಿ ಆರು 10ರ ಆಚೆ ಬೀಳುತ್ತವೆ. ಸಾವಿರದಲ್ಲಿ ಆರು 100ರ ಆಚೆ. ಇದನ್ನು ಸಾವಿರ ಸಲ ಮಾಡಿ ಸರಾಸರಿ ತೆಗೆಯಿರಿ. ಅಂಥ ಸರಾಸರಿಗಳನ್ನು ರಾಶಿ ಹಾಕಿ ನೋಡಿದರೆ ಅರ್ಧ 1ರ ಒಳಗೆ, ನೂರರಲ್ಲಿ ಆರು 10ರ ಆಚೆ. ಸಾವಿರ ಮಿಂಚುಗಳ ಸರಾಸರಿಯ ಚಿತ್ರವೂ ಒಂದೇ ಮಿಂಚಿನ ಚಿತ್ರವೂ ಒಂದೇ! ಹತ್ತು ಲಕ್ಷ ಸೇರಿಸಿದರೂ ಕೂದಲೆಳೆಯಷ್ಟೂ ಕಿರಿದಾಗುವುದಿಲ್ಲ. ಈ ದಾಳಕ್ಕೆ ಮಾನಕ ವಿಚಲನೆಯೇ ಇಲ್ಲ, ಲೆಕ್ಕ ಹಾಕಲು ಹೋದರೆ ಅನಂತವಾಗುತ್ತದೆ. √nನಿಂದ ಭಾಗಿಸಲು ಏನಾದರೂ ಇರಬೇಕಲ್ಲ. ಪ್ರಮೇಯದ ಷರತ್ತಿನಲ್ಲಿ "ಮಾನಕ ವಿಚಲನೆ ಸೀಮಿತವಾಗಿರಬೇಕು" ಅಂತ ಒಂದು ಸಾಲು ಬರುತ್ತದೆ. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆಯುವ ಸಾಲು ಅದು.

ಸಿಮ್ಯುಲೇಶನ್‌ನಲ್ಲಿ ಇದನ್ನು ಹಿಡಿಯುವುದು ಹೀಗೆ: ಪ್ರತಿ ಹೊಸ ಅಂಕಿ ಸೇರಿದಾಗಲೂ ಅಲ್ಲಿಯವರೆಗಿನ ಸರಾಸರಿಯನ್ನು ಮುದ್ರಿಸುತ್ತಾ ಹೋಗಿ. ಬಂಗಡೆ ದಾಳದ ಸರಾಸರಿ ಮೊದಲು ಕುಣಿದು ನಿಧಾನಕ್ಕೆ 6ರ ಹತ್ತಿರ ಕೂರುತ್ತದೆ. ದೀಪದ ಸರಾಸರಿ ಬಹಳ ಹೊತ್ತು ಸುಮ್ಮನಿದ್ದು, ಯಾವುದೋ ಒಂದು ಮಿಂಚಿಗೆ ತಟ್ಟನೆ ಹಾರುತ್ತದೆ. ಮತ್ತೆ ಮೆಲ್ಲಗೆ ಇಳಿಯುತ್ತದೆ, ಮತ್ತೆ ಹಾರುತ್ತದೆ. ಇಂಥ ಹಾರಾಟ ಕಂಡರೆ ಸರಾಸರಿಯನ್ನು ಬಿಟ್ಟು ಮಧ್ಯಾಂಕಕ್ಕೆ ಹೋಗಬೇಕು. ಸಾವಿರ ಮಿಂಚುಗಳನ್ನು ಸಾಲಾಗಿ ಜೋಡಿಸಿ ನಡುವಿನದನ್ನು ಎತ್ತಿಕೊಂಡರೆ, ದೂರ ಹೋದ ಬೆಳಕು ಎಷ್ಟು ದೂರ ಹೋಯಿತು ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಅಂಥ ಮಧ್ಯಾಂಕಗಳ ರಾಶಿ ಚೆಂದದ ಗಂಟೆಯಾಗುತ್ತದೆ. ಅದರ ಮಾನಕ ವಿಚಲನೆ ಸುಮಾರು π ÷ (2√n), ಸಾವಿರಕ್ಕೆ 0.05. ಮೊದಲ ಕೋಡಿನಲ್ಲಿ `random.randint(1, 6)` ಇದ್ದ ಜಾಗಕ್ಕೆ ದೀಪದ `math.tan(math.pi * (random.random() - 0.5))` ಹಾಕಿ, `n = 1000` ಮಾಡಿ, `sum(t) / n` ತೆಗೆದು `statistics.median(t)` ಹಾಕಿ, `round(m, 1)` ಅನ್ನು `round(m, 2)` ಮಾಡಿ, ಮೇಲ್ಗಡೆ `import math, statistics` ಸೇರಿಸಿದರೆ ಕೆಲಸ ಆಯಿತು.